ಆ ಫೋಟೊ ಒಂದಲ್ಲ, ಎರಡು

ಗುಂಪು: ಮನೆಮಂದಿ
ಶನಿವಾರ ರಾತ್ರಿ

ಕಿರಣ: [ಫೋಟೊ: ಬೋರಲಾಗಿ, ಮೊಣಕೈ ಊರಿ, ಎರಡು ಅಂಗೈ ಮೇಲೆ ಗದ್ದ ಇಟ್ಟು ನಿದ್ದೆ ಮಾಡುತ್ತಿರುವ ಹಸುಗೂಸು]

ಕಿರಣ: ಸ್ಮಿತಕ್ಕ, ನಾಳೆ ಪುಟ್ಟಿಗೆ ಹೀಗೆ ತೆಗೆಯೋಣ. ಸ್ಟ್ಯಾಂಡ್, ಕ್ಯಾಮೆರಾ ಎಲ್ಲಾ ತರುತ್ತೇನೆ.

ಸುಧಾ ಚಿಕ್ಕಮ್ಮ: ಅಯ್ಯೋ ಎಷ್ಟು ಮುದ್ದಾಗಿದೆ! ದೊಡ್ಡವರ ಹಾಗೆ ಯೋಚನೆ ಮಾಡುತ್ತಿದೆ 😄

ರೂಪಾ: ಕಿರಣ, ಇದು ಬೇಡ. ಅದು ಒಂದು ಫೋಟೊ ಅಲ್ಲ, ಎರಡು. ಯಾವ ಹಸುಗೂಸೂ ಹಾಗೆ ತಾನಾಗಿಯೇ ತಲೆ ಹೊತ್ತುಕೊಂಡು ಕೂರುವುದಿಲ್ಲ.

ಕಿರಣ: ರೂಪಕ್ಕ, ಎರಡೇ ಸೆಕೆಂಡ್. ಕ್ಲಿಕ್ ಅಂದ ತಕ್ಷಣ ಎತ್ತಿಕೊಂಡರಾಯಿತು.

ರೂಪಾ: ಆ ಎರಡು ಸೆಕೆಂಡಿನಲ್ಲೇ ಆಗುವುದು. ಒಂಬತ್ತು ದಿನದ ಮಗುವಿನ ತಲೆ ಅದರ ಮೈಯ ಕಾಲು ಭಾಗದಷ್ಟಿರುತ್ತದೆ. ಕುತ್ತಿಗೆಗೆ ಅದನ್ನು ಹಿಡಿದಿಡುವ ಶಕ್ತಿ ಇಲ್ಲ. ನಿದ್ದೆಯಲ್ಲಿ ಒಂದು ಸಣ್ಣ ಸದ್ದಾದರೂ ಬೆಚ್ಚಿ ಎರಡೂ ಕೈ ಅಗಲಿಸಿಬಿಡುತ್ತದೆ. ಕೈ ಜಾರಿದರೆ ಮುಖ ನೇರ ಕೆಳಗೆ. ನಿನ್ನ ಕ್ಯಾಮೆರಾದ ಕ್ಲಿಕ್ ಸದ್ದೇ ಸಾಕು.

ಪ್ರಕಾಶ ಮಾವ: ಹಾಗಾದರೆ ಇವರು ಹೇಗೆ ತೆಗೆದರು? ಕಣ್ಣಿಗೆ ಕಾಣುತ್ತಿದೆಯಲ್ಲಮ್ಮಾ.

ರೂಪಾ: ಮಾವ, ನಾನು ಮೂರು ವರ್ಷ ಮಕ್ಕಳ ಫೋಟೊ ತೆಗೆಯುವವರ ಹತ್ತಿರ ಸಹಾಯಕ್ಕಿದ್ದೆ. ಆ ಫೋಟೊದಿಂದ ಅಳಿಸಿ ಹೋಗಿರುವ ಕೈ ನನ್ನಂಥವರದೇ 😀 ಕ್ಯಾಮೆರಾ ಅಲುಗಾಡದ ಹಾಗೆ ಸ್ಟ್ಯಾಂಡ್ ಮೇಲೆ ಇರುತ್ತದೆ. ಮೊದಲ ಫೋಟೊದಲ್ಲಿ ಒಬ್ಬರು ಮಗುವಿನ ತಲೆಯನ್ನು ಮೇಲಿನಿಂದ ಬೆರಳಲ್ಲಿ ಹಿಡಿದಿರುತ್ತಾರೆ. ಎರಡನೆಯದರಲ್ಲಿ ಮಗುವಿನ ಮುಂಗೈಗಳನ್ನು ಅದರ ಗದ್ದಕ್ಕೆ ಆನಿಸಿ ಹಿಡಿದು, ಆಮೇಲೆ ತಲೆ ಮೇಲಿನ ಬೆರಳು ತೆಗೆಯುತ್ತಾರೆ. ಒಂದಲ್ಲ ಒಂದು ಕಡೆ ಕೈ ಇದ್ದೇ ಇರುತ್ತದೆ. ಕೊನೆಗೆ ಮೊದಲನೆಯದರ ಕೆಳಗಿನ ಅರ್ಧ, ಎರಡನೆಯದರ ಮೇಲಿನ ಅರ್ಧ ಸೇರಿಸಿ ಹೊಲಿಯುತ್ತಾರೆ.

ಕಿರಣ: ಸರಿ, ಹಾಗಾದರೆ ನೀನು ಹಿಡಿ. ಫೋಟೊ ಸೇರಿಸುವುದು ನನಗೆ ಬರುತ್ತದೆ.

ರೂಪಾ: ಸೇರಿಸುವುದು ಸುಲಭದ ಕೆಲಸ ಕಣೋ. ಮಗುವನ್ನು ಆ ಭಂಗಿಗೆ ತರುವುದೇ ಕಷ್ಟ. ಕೈಕಾಲು ಬಿಗಿ ಮಾಡಿಕೊಂಡರೆ ಅಲ್ಲಿಗೇ ನಿಲ್ಲಿಸಬೇಕು. ಭಾರ ಬಿದ್ದು ಅಂಗೈ ನೀಲಿಗಟ್ಟಿದರೆ ಆಗಲೂ ನಿಲ್ಲಿಸಬೇಕು. ಪಳಗಿದವರೇ ಎಷ್ಟೋ ದಿನ ಅರ್ಧಕ್ಕೆ ಬಿಟ್ಟದ್ದನ್ನು ನೋಡಿದ್ದೇನೆ. ಮನೆಯಲ್ಲಿ ನಾನಂತೂ ಹಿಡಿಯುವುದಿಲ್ಲ.

ಪ್ರಕಾಶ ಮಾವ: ಕೊಂಬೆಗೆ ಬಟ್ಟೆ ಕಟ್ಟಿ ತೂಗು ಹಾಕಿರುತ್ತಾರಲ್ಲ, ಅದೂ ಸುಳ್ಳೇನಾ?

ರೂಪಾ: ಸರಿಯಾಗಿ ಮಾಡುವವರು ಮಗುವನ್ನು ಮೆತ್ತನೆ ಹಾಸಿಗೆ ಮೇಲೆಯೇ ಬಟ್ಟೆಯಲ್ಲಿ ಸುತ್ತಿ ತೆಗೆಯುತ್ತಾರೆ. ಕೊಂಬೆ ಬೇರೆ ಫೋಟೊ. ನಿಜವಾಗಿಯೂ ತೂಗು ಹಾಕುವವರೂ ಇದ್ದಾರೆ, ಅವರ ಮಾತು ಬೇಡ.

ಸ್ಮಿತಾ: ನನಗೆ ಈಗಲೇ ಎದೆ ಢವಢವ. ಕಿರಣ, ಪುಟ್ಟಿಯನ್ನು ಪುಟ್ಟಿ ಹಾಗೆಯೇ ತೆಗಿ, ಸಾಕು.

ಭಾನುವಾರ ಬೆಳಿಗ್ಗೆ

ಕಿರಣ: [ಫೋಟೊ: ಹಾಲು ಕುಡಿಸುವಾಗ ಇಟ್ಟುಕೊಳ್ಳುವ ಬಾಗಿದ ದಿಂಬಿನ ತಗ್ಗಿನಲ್ಲಿ ಒರಗಿ ಮಲಗಿರುವ ಪುಟ್ಟಿ]

ಕಿರಣ: ನೋಡಿ, ಯಾವ ಭಂಗಿಯೂ ಇಲ್ಲ. ಅದರಷ್ಟಕ್ಕೆ ಮಲಗಿದೆ. ರೂಪಕ್ಕನಿಗೂ ಖುಷಿ ಅಲ್ವಾ?

ರೂಪಾ: ಸ್ಮಿತಾ, ಮೊದಲು ಅವಳನ್ನು ಎತ್ತಿಕೋ. ಆಮೇಲೆ ಹೇಳುತ್ತೇನೆ.

ಸ್ಮಿತಾ: ಎತ್ತಿಕೊಂಡೆ. ಏನಾಯಿತು?

ರೂಪಾ: ಏನೂ ಆಗಿಲ್ಲ. ಫೋಟೊ ದೊಡ್ಡದು ಮಾಡಿ ಗದ್ದ ನೋಡು. ಎದೆಗೆ ತಾಗಿಕೊಂಡಿದೆ. ಗದ್ದಕ್ಕೂ ಎದೆಗೂ ನಡುವೆ ನಿನ್ನ ಒಂದು ಬೆರಳು ಆರಾಮಾಗಿ ಹೋಗಬೇಕು. ಇಲ್ಲಿ ಹೋಗುವುದಿಲ್ಲ. ಹಸುಗೂಸಿನ ಉಸಿರಿನ ಕೊಳವೆ ಸಣ್ಣದು, ಮೆತ್ತಗಿನದು. ತಲೆ ಮುಂದಕ್ಕೆ ಬಾಗಿದರೆ ನೀರಿನ ಪೈಪು ಮಡಚಿದ ಹಾಗೆ ಕಟ್ಟಿಕೊಳ್ಳಬಹುದು.

ಕಿರಣ: ಉಸಿರು ಕಟ್ಟಿದರೆ ಅಳುವುದಿಲ್ಲವಾ?

ರೂಪಾ: ಅಳುವುದಕ್ಕೂ ಗಾಳಿ ಬೇಕಲ್ಲಪ್ಪ. ಸದ್ದೇ ಇರುವುದಿಲ್ಲ, ನೋಡುವವರಿಗೆ ಒಳ್ಳೆ ನಿದ್ದೆಯ ಹಾಗೇ ಕಾಣುತ್ತದೆ. ಅದಕ್ಕೇ ನನಗೆ ಬುಟ್ಟಿ, ಬಕೆಟ್, ದಿಂಬಿನ ತಗ್ಗು ಯಾವುದೂ ಇಷ್ಟ ಇಲ್ಲ. ಬೆನ್ನು ಗುಂಡಗಾಗುವ ಜಾಗದಲ್ಲೆಲ್ಲಾ ತಲೆ ಮುಂದಕ್ಕೆ ಬೀಳುತ್ತದೆ.

ಸುಧಾ ಚಿಕ್ಕಮ್ಮ: ಇಷ್ಟೆಲ್ಲಾ ಹೆದರಿದರೆ ಫೋಟೊ ತೆಗೆದ ಹಾಗೇ. ನಮ್ಮ ಮಕ್ಕಳನ್ನು ಹೇಗೆಲ್ಲಾ ಕೂರಿಸಿ ತೆಗೆಸಿಲ್ಲ!

ರೂಪಾ: ಚಿಕ್ಕಮ್ಮ, ಫೋಟೊ ಬೇಡ ಅನ್ನುತ್ತಿಲ್ಲ. ಮಗುವಿಗೆ ಗೊತ್ತೇ ಆಗದ ಹಾಗೆ ತೆಗೆಯೋಣ ಅಂತ ಅಷ್ಟೇ. ಕಿರಣ, ಮಂಚದ ನಡುವೆ ಒಂದು ಬಿಳಿ ಹೊದಿಕೆಯನ್ನು ಸುಕ್ಕಿಲ್ಲದ ಹಾಗೆ ಬಿಗಿಯಾಗಿ ಹಾಸು. ದಿಂಬೆಲ್ಲಾ ತೆಗಿ. ಪುಟ್ಟಿಯನ್ನು ಅಂಗಾತ ಮಲಗಿಸು. ಕಿಟಕಿ ಅವಳ ತಲೆಯ ಕಡೆ, ಸ್ವಲ್ಪ ಓರೆಗೆ ಇರಲಿ. ಕಾಲಿನ ಕಡೆಯಿಂದ ಬೆಳಕು ಬಂದರೆ ಮೂಗಿನ ಹೊಳ್ಳೆ ಬೆಳಗಿ, ಕಣ್ಣಿನ ಸುತ್ತ ನೆರಳು ತಲೆಕೆಳಗಾಗುತ್ತದೆ. ನೇರ ಬಿಸಿಲು ಬೀಳುತ್ತಿದ್ದರೆ ತೆಳು ಪರದೆ ಎಳೆ. ಕೋಣೆಯ ಬಲ್ಬು ಆರಿಸು, ಇಲ್ಲದಿದ್ದರೆ ಮುಖ ಒಂದು ಕಡೆ ಹಳದಿ ಆಗುತ್ತದೆ.

ಪ್ರಕಾಶ ಮಾವ: ಫ್ಲ್ಯಾಶ್ ಹಾಕಿದರೆ ಕಣ್ಣು ಹೋಗುತ್ತದಂತೆ, ಹುಷಾರು.

ರೂಪಾ: ಸಾಮಾನ್ಯ ಫ್ಲ್ಯಾಶ್‌ನಿಂದ ಕಣ್ಣು ಹೋಗುವುದಿಲ್ಲ ಮಾವ. ಆದರೆ ಬೆಚ್ಚುತ್ತದೆ. ಕಿಟಕಿ ಇರುವಾಗ ಸುಮ್ನೆ ಯಾಕೆ?

ಕಿರಣ: ಮಂಚದ ಮೇಲೆ ನಿಂತು ನೇರ ಕೆಳಗೆ ತೆಗೆಯಲಾ?

ರೂಪಾ: ಬೇಡ ಮಾರಾಯ. ಒಮ್ಮೆ ನನ್ನ ಕೈಯಿಂದಲೇ ಫೋನ್ ಜಾರಿ ಮಗುವಿನ ತಲೆಯಿಂದ ಒಂದು ಗೇಣು ದೂರಕ್ಕೆ ಬಿತ್ತು. ಆವತ್ತಿನಿಂದ ಕ್ಯಾಮೆರಾದ ಪಟ್ಟಿ ಕುತ್ತಿಗೆಗೆ, ನಾನು ನೆಲದಲ್ಲಿ ಮಂಡಿ ಊರಿ. ಮಂಚದ ಪಕ್ಕದಿಂದ ತೆಗಿ. ಮುಖದ ಓರೆ ನೋಟ ಅಲ್ಲಿಂದಲೇ ಚೆಂದ. ಮತ್ತೆ ಫೋಟೊ ತೆಗೆಯುವವನು ಮಗು ಕಾಯುವವನಲ್ಲ. ನಿನ್ನ ಕಣ್ಣು ಪರದೆ ಮೇಲಿರುತ್ತದೆ. ಸ್ಮಿತಾ ಪಕ್ಕದಲ್ಲೇ ಕೂತು ಹೊಟ್ಟೆ ಮೇಲೆ ಅಂಗೈ ಇಟ್ಟಿರಲಿ. ಉಂಗುರ ಬಿಚ್ಚಿಟ್ಟರೆ ಒಳ್ಳೆಯದು.

ಸ್ಮಿತಾ: ಬಟ್ಟೆ ತೆಗೆಯಬೇಕಾ? ಅವಳ ಪಾದ ಆಗಲೇ ತಣ್ಣಗಿದೆ.

ರೂಪಾ: ಪಾದ ನೋಡಿ ಹೇಳಲಾಗುವುದಿಲ್ಲ, ಅದು ತಣ್ಣಗಿರುವುದೇ ಜಾಸ್ತಿ. ಎದೆ, ಕುತ್ತಿಗೆಯ ಹಿಂಭಾಗ ಮುಟ್ಟಿ ನೋಡು. ಬೆಚ್ಚಗಿದ್ದರೆ ಸರಿ, ಬೆವರಿದ್ದರೆ ಹೊದಿಕೆ ಜಾಸ್ತಿ ಆಯಿತು ಅಂತ. ಪೂರ್ತಿ ಬಿಚ್ಚುವುದು ಬೇಡ, ಒಂದು ಪಾದ ಹೊರಗಿಟ್ಟರೆ ಸಾಕು. ಬಟ್ಟೆ ಸುತ್ತುವುದಾದರೆ ಸೊಂಟದ ಕೆಳಗೆ ಸಡಿಲ ಇರಲಿ, ಮಂಡಿ ಮಡಚಿ ಅಗಲಿಸಲು ಬರಬೇಕು. ತಲೆಗೆ ರಿಬ್ಬನ್, ಮಣಿ ಯಾವುದೂ ಬೇಡ. ಜಾರಿದರೆ ಮೂಗಿನ ಮೇಲೇ ಬರುತ್ತದೆ.

ಸುಧಾ ಚಿಕ್ಕಮ್ಮ: ನಾನು ಗುಲಾಬಿ ರಿಬ್ಬನ್ ತಂದಿಟ್ಟಿದ್ದೆ 😒

ರೂಪಾ: ಅದನ್ನು ನಿಮ್ಮ ಜಡೆಗೆ ಕಟ್ಟಿಕೊಂಡು ಪಕ್ಕದಲ್ಲಿ ಕೂರಿ, ನಿಮ್ಮದೂ ಬರಲಿ 😄

ಭಾನುವಾರ ಮಧ್ಯಾಹ್ನ

ಕಿರಣ: ಹಾಲು ಕುಡಿಸಿ, ತೇಗಿಸಿ, ಮಲಗಿದ ಮೇಲೆ ಹತ್ತು ನಿಮಿಷ ಬಿಟ್ಟು ಶುರು ಮಾಡಿದೆವು. ಮೂರು ಸಲ ಎದ್ದಳು. ಒಮ್ಮೆ ಹೊದಿಕೆ ಒದ್ದೆ. ಒಟ್ಟು ಸಿಕ್ಕಿದ್ದು ನಾಲ್ಕೇ.

ಕಿರಣ: [ಫೋಟೊ: ಸ್ಮಿತಾಳ ಬೆರಳನ್ನು ಸುತ್ತಿ ಹಿಡಿದ ಮುಷ್ಟಿ]
[ಫೋಟೊ: ಹೊದಿಕೆಯಿಂದ ಹೊರಗೆ ಬಂದ ಪಾದ, ಹಿಮ್ಮಡಿಯಲ್ಲಿ ಚರ್ಮ ತೆಳುವಾಗಿ ಸುಲಿದಿದೆ]
[ಫೋಟೊ: ಕಿವಿ, ಕೆನ್ನೆಯ ಮೇಲಿನ ನವಿರು ಕೂದಲಿಗೆ ಕಿಟಕಿ ಬೆಳಕು]
[ಫೋಟೊ: ಪುಟ್ಟಿ ಅಂಗಾತ, ಹೊಟ್ಟೆ ಮೇಲೆ ಅಂಗೈ]

ಪ್ರಕಾಶ ಮಾವ: ಆ ಕಿವಿ! ನಮ್ಮ ಮನೆಯ ಕಿವಿಯೇ.

ರೂಪಾ: ಮೂರನೆಯದು ತುಂಬಾ ಚೆನ್ನಾಗಿದೆ ಕಿರಣ. ಎರಡನೆಯದರಲ್ಲಿ ಆ ಸುಲಿದ ಚರ್ಮ ಇನ್ನೊಂದೆರಡು ವಾರಕ್ಕೆ ಇರುವುದಿಲ್ಲ, ಅಳಿಸಿ ನುಣ್ಣಗೆ ಮಾಡಬೇಡ. ಈಗ ಎಲ್ಲಿ ಮಲಗಿದ್ದಾಳೆ?

ಸ್ಮಿತಾ: ಅವಳ ಹಾಸಿಗೆಯಲ್ಲೇ. ಅಂಗಾತ. ದಿಂಬಿಲ್ಲ.

ಕಿರಣ: ನಾಲ್ಕನೆಯದರಲ್ಲಿ ಅಕ್ಕನ ಕೈ ಅಡ್ಡ ಬಂದಿದೆ. ರಾತ್ರಿ ಕೂತು ಅಳಿಸಿಬಿಡಲಾ?

ಸ್ಮಿತಾ: ಮುಟ್ಟಿದರೆ ನೋಡು. ಅದನ್ನೇ ದೊಡ್ಡದು ಮಾಡಿ ಗೋಡೆಗೆ ಹಾಕಿಸುತ್ತೇನೆ.