ಟೀಚರ್ ಹಳದಿ ಅಂತಾರೆ, ಡಾಕ್ಟರ್ ಸರಿ ಇದೆ ಅಂತಾರೆ: ಮಗಳ ಬೆಳವಣಿಗೆ ಚಾರ್ಟ್ ಹೇಗೆ ಓದೋದು?

ಕುಷ್ಟಗಿ ಕಡೆಯ ತಾಯಿ ಕೇಳಿದ್ದು:
ಮಗಳಿಗೆ ಈ ತಿಂಗಳು ಎರಡು ವರ್ಷ ತುಂಬಿತು. ಅಂಗನವಾಡಿಯಲ್ಲಿ ತೂಕ 8.8 ಕೆಜಿ, ಉದ್ದ 78 ಸೆಂ.ಮೀ. ಬಂತು. ಟೀಚರ್ ತಾಯಿ ಕಾರ್ಡ್‌ನಲ್ಲಿ ಚುಕ್ಕೆ ಇಟ್ಟು "ಹಳದಿಗೆ ಬಂದಳು" ಅಂದರು. ಡಾಕ್ಟರಿಗೆ ತೋರಿಸಿದರೆ "ಎತ್ತರಕ್ಕೆ ತಕ್ಕ ತೂಕ ಇದೆ, ತೆಳ್ಳಗಿಲ್ಲ" ಅಂದರು. ಕಾರ್ಡ್‌ನಲ್ಲಿರುವ ಹಳೆ ತೂಕ: 6 ತಿಂಗಳಿಗೆ 6.9, 12ಕ್ಕೆ 7.4, 18ಕ್ಕೆ 8.3. ಯಾರ ಮಾತು ನಂಬಲಿ? ಇಂಥದ್ದನ್ನು ಕಂಡವರು ಹೇಳಿ.

ಗಂಗಾವತಿಯ ಒಬ್ಬ ತಂದೆ:
ಅಕ್ಕ, ಡಾಕ್ಟರ್ ಮಾತು ನಂಬಿ. ನಮ್ಮ ಹುಡುಗಿಗೂ ಹೀಗೇ ಹಳದಿ ಅಂದಿದ್ದರು. ನಾನೂ ನನ್ನ ಹೆಂಡತಿಯೂ ಗಿಡ್ಡ, ಮಗು ಎಲ್ಲಿಂದ ಎತ್ತರ ಆಗಬೇಕು? ಎತ್ತರಕ್ಕೆ ತಕ್ಕ ತೂಕ ಇದ್ದರೆ ಮುಗೀತು. ಚಾರ್ಟ್ ಹೊರದೇಶದವರು ಮಾಡಿದ್ದು, ನಮ್ಮ ಮಕ್ಕಳಿಗೆ ಸರಿ ಹೊಂದಲ್ಲ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ರಾಯಚೂರಿನ ನರ್ಸ್, ಅಪೌಷ್ಟಿಕ ಮಕ್ಕಳ ಆರೈಕೆ ಕೇಂದ್ರವಾದ ಎನ್‌ಆರ್‌ಸಿಯಲ್ಲಿ ಕೆಲಸ ಮಾಡಿದವರು:
ತಂಗಿ, ಇಬ್ಬರೂ ಸರಿಯಾಗೇ ಹೇಳಿದ್ದಾರೆ. ಇಬ್ಬರೂ ನೋಡಿದ್ದು ಬೇರೆ ಬೇರೆ ಚಾರ್ಟ್, ಅಷ್ಟೇ.

ಟೀಚರ್ ನೋಡಿದ್ದು ವಯಸ್ಸಿಗೆ ತಕ್ಕ ತೂಕ. ಅದರಲ್ಲಿ ಹಸಿರು ಅಂದ್ರೆ ಸರಿಯಾದ ತೂಕ, ಹಳದಿ ಅಂದ್ರೆ ಕಡಿಮೆ. ಎರಡು ವರ್ಷದ ಹೆಣ್ಣುಮಗುವಿಗೆ ಹಸಿರಿನ ತಳದ ಗೆರೆ 9.0 ಕೆಜಿ. ನಿಮ್ಮ ಮಗಳು 8.8, ಅದಕ್ಕೇ ಹಳದಿ. 8.1ಕ್ಕಿಂತ ಕೆಳಗೆ ಹೋದರೆ ಅದು ತೀವ್ರ ಅಂತ ಲೆಕ್ಕ. ಡಾಕ್ಟರ್ ನೋಡಿದ್ದು ಎತ್ತರಕ್ಕೆ ತಕ್ಕ ತೂಕ. 78 ಸೆಂ.ಮೀ. ಉದ್ದದ ಹುಡುಗಿಗೆ ಅಲ್ಲಿ ತಳದ ಗೆರೆ ಸುಮಾರು 8 ಕೆಜಿ ಆಸುಪಾಸು ಬರುತ್ತೆ. ಅದಕ್ಕೆ ಹೋಲಿಸಿದರೆ 8.8 ಚೆನ್ನಾಗೇ ಇದೆ. ಹಾಗಾಗಿ ಮಗು ಸೊರಗಿಲ್ಲ, ಡಾಕ್ಟರ್ ಮಾತು ನಿಜ.

ಆದರೆ ಮೂರನೇ ಚಾರ್ಟ್ ಒಂದಿದೆ, ವಯಸ್ಸಿಗೆ ತಕ್ಕ ಎತ್ತರದ್ದು. ನಿಮಗೆ ಬೇಕಾಗಿರೋ ಉತ್ತರ ಅದರಲ್ಲಿದೆ. ಎರಡು ವರ್ಷದ ಹೆಣ್ಣುಮಗು ಮಧ್ಯದ ಗೆರೆಯಲ್ಲಿ ಸುಮಾರು 86 ಸೆಂ.ಮೀ. ಇರುತ್ತೆ, ತಳದ ಗೆರೆ 80. ನಿಮ್ಮ ಮಗಳು 78. ಅಂದ್ರೆ ಅವಳ ಎತ್ತರದ ಬೆಳವಣಿಗೆ ಕುಂಠಿತವಾಗಿದೆ. ಗಿಡ್ಡ ಮೈಗೆ ತಕ್ಕ ತೂಕ ಇರೋದರಿಂದ ನೋಡೋಕೆ ಸರಿಯಾಗಿ ಕಾಣ್ತಾಳೆ. ವಯಸ್ಸಿಗೆ ಹೋಲಿಸಿದರೆ ತೂಕವೂ ಕಡಿಮೆ, ಎತ್ತರವೂ ಕಡಿಮೆ. ನಮ್ಮ ಕಡೆ ಇಂಥ ಮಕ್ಕಳು ಜಾಸ್ತಿ. ಬರೀ ಕಣ್ಣಳತೆಯಲ್ಲಿ ತಾಯಂದಿರಿಗೂ ಗೊತ್ತಾಗಲ್ಲ, ಯಾಕಂದ್ರೆ ಓಣಿಯ ಉಳಿದ ಮಕ್ಕಳೂ ಅಷ್ಟೇ ಎತ್ತರ ಇರ್ತಾರೆ.

ಈಗ ಹಳೆ ತೂಕಗಳನ್ನು ಚುಕ್ಕೆ ಇಟ್ಟು ಜೋಡಿಸಿ ನೋಡಿ. ಆರು ತಿಂಗಳಿಗೆ 6.9, ಅದು ಒಳ್ಳೆ ತೂಕ, ಮಧ್ಯದ ಗೆರೆ 7.3. ಅಲ್ಲಿಂದ ವರ್ಷ ತುಂಬೋವರೆಗೆ ಏರಿದ್ದು ಬರೀ ಅರ್ಧ ಕೆಜಿ. ಹಸಿರಿನ ತಳದ ಗೆರೆ ಮೇಲೇ ನಡೆಯೋ ಮಗು ಕೂಡ ಆ ಆರು ತಿಂಗಳಲ್ಲಿ 1.3 ಕೆಜಿ ಏರುತ್ತೆ. ಅಂದ್ರೆ ಗೆರೆ ಅಲ್ಲೇ ಮಲಗಿಬಿಟ್ಟಿದೆ. ಆದರೆ ವರ್ಷಕ್ಕೆ 7.4, ಒಂದೂವರೆ ವರ್ಷಕ್ಕೆ 8.3, ಎರಡೂ ಹಸಿರಲ್ಲೇ ಇದ್ದವು, ಹಾಗಾಗಿ ಯಾರೂ ಏನೂ ಅನ್ನಲಿಲ್ಲ. ಬಣ್ಣ ಬದಲಾಗಿದ್ದು ಈಗ, ತೊಂದರೆ ಶುರುವಾಗಿದ್ದು ಒಂದು ವರ್ಷಕ್ಕೂ ಹಿಂದೆ. ಅದಕ್ಕೇ ನಾನು ಬಣ್ಣಕ್ಕಿಂತ ಗೆರೆಯ ದಿಕ್ಕು ನೋಡಿ ಅಂತ ಹೇಳೋದು. ಆರರಿಂದ ಹನ್ನೆರಡು ತಿಂಗಳ ನಡುವೆ ಏನಾಯ್ತು? ನೆನಪಿದ್ದರೆ ಹೇಳಿ.

ಅಣ್ಣ, ನಿಮ್ಮ ಮಾತಿಗೂ ಒಂದು ಉತ್ತರ. ಈ ಚಾರ್ಟನ್ನು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದಿತು. ಆರು ದೇಶಗಳ ಮಕ್ಕಳನ್ನು ಅಳೆದು ಮಾಡಿದ್ದು, ಅದರಲ್ಲಿ ದೆಹಲಿಯ ಮಕ್ಕಳೂ ಇದ್ದರು. ತಾಯಿಹಾಲು, ಊಟ, ಆರೈಕೆ ಸರಿಯಾಗಿ ಸಿಕ್ಕ ಮಕ್ಕಳು ಐದು ವರ್ಷದೊಳಗೆ ಎಲ್ಲಾ ದೇಶದಲ್ಲೂ ಹೆಚ್ಚುಕಡಿಮೆ ಒಂದೇ ರೀತಿ ಬೆಳೆದರು. ಅಪ್ಪ ಅಮ್ಮ ಗಿಡ್ಡ ಇದ್ದರೆ ಸ್ವಲ್ಪ ವ್ಯತ್ಯಾಸ ಬರುತ್ತೆ, ಇಲ್ಲ ಅನ್ನಲ್ಲ. ಆದರೆ ಆರು ತಿಂಗಳವರೆಗೆ ಚೆನ್ನಾಗಿ ಏರಿದ ಗೆರೆ ಆಮೇಲೆ ಮಲಗಿದ್ದಕ್ಕೆ ವಂಶ ಕಾರಣ ಆಗಲ್ಲ.

ಗಂಗಾವತಿಯ ತಂದೆ:
ಗೆರೆ ಮಲಗಿದ್ದರ ಬಗ್ಗೆ ನೀವು ಹೇಳಿದ್ದು ಒಪ್ಪಿದೆ ಮೇಡಂ, ಅದನ್ನು ನಾನು ಗಮನಿಸಿರಲಿಲ್ಲ. ಆದರೂ ಈ ಚಾರ್ಟ್ ಹಿಡಿದರೆ ನಮ್ಮಲ್ಲಿ ಲೆಕ್ಕಕ್ಕಿಂತ ಜಾಸ್ತಿ ಮಕ್ಕಳು ಕೆಳಗೆ ಬೀಳ್ತಾರೆ ಅಂತ ವಾದ ಮಾಡೋ ಡಾಕ್ಟರುಗಳು ನಮ್ಮ ದೇಶದಲ್ಲೇ ಇದ್ದಾರೆ.

ನರ್ಸ್:
ಇದ್ದಾರೆ, ಆ ಚರ್ಚೆ ಇನ್ನೂ ನಡೀತಿದೆ. ಆದರೆ ನಿಮ್ಮ ಮಗುವಿನ ಗೆರೆಯನ್ನು ಅದರದ್ದೇ ಹಿಂದಿನ ಗೆರೆ ಜೊತೆ ಹೋಲಿಸೋಕೆ ಆ ಚರ್ಚೆ ಮುಗಿಯೋವರೆಗೂ ಕಾಯಬೇಕಿಲ್ಲ.

ಸಿಂಧನೂರು ತಾಲೂಕಿನ ಅಂಗನವಾಡಿ ಕಾರ್ಯಕರ್ತೆ:
ನಾನು ಬರೀ ಅಳತೆ ಬಗ್ಗೆ ಹೇಳ್ತೀನಿ. 8.8ಕ್ಕೂ 9.0ಕ್ಕೂ ಇರೋದು 200 ಗ್ರಾಂ. ಒಂದು ದಪ್ಪ ಫ್ರಾಕು, ಕಾಲ್ಗೆಜ್ಜೆ, ಕೈಕಡಗ, ಆಗಷ್ಟೇ ಕುಡಿದ ಹಾಲು, ಇಷ್ಟು ಸೇರಿದರೆ 200 ಗ್ರಾಂ ಆಗೇ ಹೋಯ್ತು. ಮುಂದಿನ ತಿಂಗಳು ಮಗು ಹಸಿರಿಗೆ ಬಂದಳು ಅಂತ ಯಾರಾದ್ರೂ ಅಂದರೆ ಖುಷಿ ಪಡೋಕೆ ಮುಂಚೆ ಮೈಮೇಲೆ ಏನಿತ್ತು ಅಂತ ನೋಡಿಕೊಳ್ಳಿ. ನಾನು ತಾಯಂದಿರಿಗೆ ಬೆಳಿಗ್ಗೆ ಬನ್ನಿ, ಒಳಚಡ್ಡಿ ಒಂದೇ ಇರಲಿ ಅಂತೀನಿ. ತೂಕದ ಯಂತ್ರ ಸೊನ್ನೆ ತೋರಿಸ್ತಿದೆಯಾ ಅಂತ ಅವರಿಗೇ ನೋಡೋಕೆ ಹೇಳ್ತೀನಿ.

ಉದ್ದದ ಅಳತೆ ಇನ್ನೂ ನಾಜೂಕು. ಎರಡು ವರ್ಷದೊಳಗೆ ಮಲಗಿಸಿ ಅಳೀಬೇಕು, ಆಮೇಲೆ ನಿಲ್ಲಿಸಿ. ಮಲಗಿಸೋಕೆ ಇಬ್ಬರು ಬೇಕೇ ಬೇಕು. ಒಬ್ಬರು ತಲೆಯನ್ನು ಹಲಗೆಗೆ ಒತ್ತಿ ಹಿಡೀಬೇಕು, ಇನ್ನೊಬ್ಬರು ಮಂಡಿ ಮೇಲೆ ಕೈ ಇಟ್ಟು ಕಾಲು ನೇರ ಮಾಡಿ ಪಾದಕ್ಕೆ ಪಟ್ಟಿ ತಾಗಿಸಬೇಕು. ಮಗು ಅತ್ತು ಕಾಲು ಮಡಚಿದರೆ ಒಂದೆರಡು ಸೆಂ.ಮೀ. ಹೋಗಿಬಿಡುತ್ತೆ. ಇನ್ನೊಂದು ವಿಷಯ, ನಿಲ್ಲಿಸಿ ಅಳೆದರೆ ಮಲಗಿಸಿದ್ದಕ್ಕಿಂತ ಸುಮಾರು 0.7 ಸೆಂ.ಮೀ. ಕಡಿಮೆ ಬರುತ್ತೆ. ಅದಕ್ಕೇ ನಿಂತ ಅಳತೆಗೆ ತಳದ ಗೆರೆಯೂ 79.3 ಆಗುತ್ತೆ. ಎರಡು ವರ್ಷ ದಾಟಿದ ಮೇಲೆ ಮೊದಲ ಸಲ ನಿಲ್ಲಿಸಿ ಅಳೆದಾಗ ಎತ್ತರ ಕುಗ್ಗಿತು ಅಂತ ಗಾಬರಿ ಬೀಳೋ ತಾಯಂದಿರನ್ನು ನೋಡಿದ್ದೀನಿ. ನಿಮ್ಮ ಮಗಳದ್ದು ಹೇಗೆ ಅಳೆದರೂ ಗೆರೆಯ ಕೆಳಗೇ ಬರುತ್ತೆ, ಆದರೂ ಒಮ್ಮೆ ಸರಿಯಾಗಿ ಅಳೆಸಿ. ಅಂಗನವಾಡಿಯ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮೂರು ಲೆಕ್ಕವೂ ಬೇರೆ ಬೇರೆ ಬರುತ್ತೆ, ಟೀಚರ್ ಫೋನಿನಲ್ಲೇ ತೋರಿಸಿ ಅಂತ ಕೇಳಿ. ಹುಟ್ಟಿದ ತಾರೀಖು ಸರಿ ಇದೆಯಾ ಅಂತ ಕೂಡ ನೋಡಿ, ತಿಂಗಳು ತಪ್ಪಿದರೆ ಮೂರರಲ್ಲಿ ಎರಡು ಲೆಕ್ಕ ಹಾಳು.

ಸಿರಗುಪ್ಪ ಕಡೆಯ ಒಬ್ಬ ತಾಯಿ:
ನಿಮ್ಮ ಪ್ರಶ್ನೆ ಬೇರೆ ಅಂತ ಗೊತ್ತು, ಆದರೂ ನನ್ನ ಮಗನ ವಿಷಯ ಹೇಳಬೇಕು ಅನಿಸ್ತು. ಅವನ ತೂಕ ಇಳಿದಿರಲೇ ಇಲ್ಲ. ಬೇಧಿ ಆಗಿ ಸುಸ್ತಾಗಿದ್ದ, ಊಟ ಮುಟ್ಟುತ್ತಿರಲಿಲ್ಲ, ಮುಖ ಮಾತ್ರ ದುಂಡಗಾಗಿತ್ತು. ಮನೆಯವರೆಲ್ಲಾ ಮೈ ತುಂಬಿಕೊಂಡಿದ್ದಾನೆ ಅಂದರು. ಆಸ್ಪತ್ರೆಯಲ್ಲಿ ಸಿಸ್ಟರ್ ಎರಡೂ ಪಾದದ ಮೇಲೆ ಹೆಬ್ಬೆರಳಿಂದ ಸ್ವಲ್ಪ ಹೊತ್ತು ಒತ್ತಿ ತೆಗೆದರು. ಎರಡರಲ್ಲೂ ಗುಳಿ ಬಿತ್ತು, ಬೇಗ ತುಂಬಲಿಲ್ಲ. ಅದು ಮೈಯಲ್ಲಿ ನಿಂತ ನೀರು, ತೂಕದಲ್ಲಿ ಸೇರಿಕೊಂಡಿತ್ತು. ಅವತ್ತೇ ಎನ್‌ಆರ್‌ಸಿಗೆ ಸೇರಿಸಿಕೊಂಡರು. ಊತ ಇಳಿದಾಗ ತೂಕವೂ ಇಳೀತು, ನಾನು ಹೆದರಿದೆ, ಅದು ಒಳ್ಳೇದೇ ಅಂದರು. ನಿಮ್ಮ ಮಗಳ ಪಾದ ಒಮ್ಮೆ ಒತ್ತಿ ನೋಡಿ.

ನರ್ಸ್:
ಇವರು ಹೇಳಿದ್ದು ಎಲ್ಲರೂ ತಿಳಿದಿರಬೇಕು. ಎರಡೂ ಪಾದದಲ್ಲಿ ಹೀಗೆ ಊತ ಇದ್ದರೆ ಯಾವ ಚಾರ್ಟೂ ಬೇಡ, ಅವತ್ತೇ ಆಸ್ಪತ್ರೆ. ತೋಳಿನ ಟೇಪ್ 11.5 ಸೆಂ.ಮೀ.ಗಿಂತ ಕಡಿಮೆ ತೋರಿಸಿದರೂ ಅಷ್ಟೇ, ತಡ ಮಾಡದೆ ತೋರಿಸಿ.

ಕುಷ್ಟಗಿ ಕಡೆಯ ತಾಯಿ:
ಪಾದದಲ್ಲಿ ಊತ ಇಲ್ಲ. ತೋಳು ಟೀಚರ್ ಅಳೆದರು, 13.4 ಬಂತು. ಮೇಡಂ ಕೇಳಿದ್ದಕ್ಕೆ ಹೇಳ್ತೀನಿ, ಮಗಳಿಗೆ ಏಳು ತಿಂಗಳಾದಾಗ ಬೆಂಗಳೂರಿಗೆ ಗುಳೆ ಹೋಗಿದ್ವಿ, ಬಿಲ್ಡಿಂಗ್ ಕೆಲಸಕ್ಕೆ. ಅವಳನ್ನು ದೊಡ್ಡ ಮಗಳ ಹತ್ರ ಬಿಟ್ಟು ಕೆಲಸಕ್ಕೆ ಹೋಗ್ತಿದ್ದೆ. ಚಹಾದಲ್ಲಿ ಅದ್ದಿದ ಬಿಸ್ಕತ್ತು, ತಿಳಿ ಅನ್ನ, ಇದೇ ಊಟ. ಬೇಧಿ ಮೇಲಿಂದ ಮೇಲೆ ಆಗ್ತಿತ್ತು. ತೂಕ ಹಾಕಿಸೋರು ಯಾರೂ ಇರಲಿಲ್ಲ. ಈಗ ಎತ್ತರ ವಾಪಸ್ ಬರುತ್ತಾ? ಡಬ್ಬಿ ಪುಡಿ ತರಲಾ?

ನರ್ಸ್:
ತೋಳು 13.4 ಅಂದ್ರೆ 12.5ರ ಮೇಲಿದೆ, ಎನ್‌ಆರ್‌ಸಿಗೆ ಸೇರಿಸೋ ಸ್ಥಿತಿ ಅಲ್ಲ. ಡಬ್ಬಿ ಪುಡಿಗೆ ದುಡ್ಡು ಹಾಕಬೇಡಿ. ಅದೇ ದುಡ್ಡಲ್ಲಿ ಮೊಟ್ಟೆ, ಶೇಂಗಾ, ಬೇಳೆ ಬರುತ್ತೆ.

ಇಲ್ಲಿ ಒಂದು ಎಚ್ಚರ. ತೂಕ ಏರಲಿ ಅಂತ ಬರೀ ಅನ್ನ, ಸಕ್ಕರೆ, ಬಿಸ್ಕತ್ತು ತುರುಕಿದರೆ ಹಳದಿ ಹಸಿರಾಗಬಹುದು, ಎತ್ತರ ಅಲ್ಲೇ ಉಳಿಯುತ್ತೆ. ಎತ್ತರಕ್ಕೆ ಮೊಟ್ಟೆ, ಹಾಲು, ಬೇಳೆ, ಸೊಪ್ಪು ಬೇಕು. ಚಿಕ್ಕ ಹೊಟ್ಟೆ, ಒಮ್ಮೆಗೆ ಹಿಡಿಸೋದು ಸ್ವಲ್ಪ. ಅದಕ್ಕೆ ತಿಳಿ ಸಾರಿನ ಬದಲು ತಳದ ಗಟ್ಟಿ ಬೇಳೆ ಹಾಕಿ, ಮೇಲೆ ಒಂದು ಚಮಚ ಎಣ್ಣೆ ಅಥವಾ ತುಪ್ಪ. ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಮೆತ್ತಗೆ ಕಿವುಚಿ, ಶೇಂಗಾ ಹುರಿದು ನುಣ್ಣಗೆ ಪುಡಿ ಮಾಡಿ ಬೆರೆಸಿ. ಇಡೀ ಶೇಂಗಾ ಕಾಳು ಕೊಡಬೇಡಿ, ಗಂಟಲಿಗೆ ಸಿಕ್ಕುತ್ತೆ. ದಿನಕ್ಕೆ ಮೂರ್ನಾಲ್ಕು ಸಲ ಊಟ, ನಡುವೆ ಒಂದೆರಡು ಸಲ ಏನಾದರೂ ತಿನ್ನೋಕೆ. ಅವಳದ್ದೇ ಬೇರೆ ತಟ್ಟೆ ಇರಲಿ, ಎಷ್ಟು ತಿಂದಳು ಅಂತ ನಿಮಗೇ ಗೊತ್ತಾಗುತ್ತೆ. ಚಹಾ ನಿಲ್ಲಿಸಿ, ಊಟದ ಕಬ್ಬಿಣಾಂಶವನ್ನು ಮೈಗೆ ಹತ್ತೋಕೆ ಬಿಡಲ್ಲ. ಒಮ್ಮೆ ಹಿಮೋಗ್ಲೋಬಿನ್ ನೋಡಿಸಿ. ಇನ್ನು ಬೇಧಿ ಆದರೆ ಓಆರ್‌ಎಸ್ ಜೊತೆ ಜಿಂಕ್ ಮಾತ್ರೆ 14 ದಿನ, ಬೇಧಿ ಬೇಗ ನಿಂತರೂ ಮಾತ್ರೆ ಪೂರ್ತಿ ಮುಗಿಸಿ. ವಾಸಿಯಾದ ಮೇಲೆ ಒಂದೆರಡು ವಾರ ದಿನಕ್ಕೆ ಒಂದು ಊಟ ಜಾಸ್ತಿ.

ಎತ್ತರ ಪೂರ್ತಿ ವಾಪಸ್ ಬರುತ್ತೆ ಅಂತ ಮಾತು ಕೊಡೋಕೆ ಆಗಲ್ಲ ತಂಗಿ. ಮೊದಲ ಎರಡು ವರ್ಷದಲ್ಲಿ ಕಳೆದುಕೊಂಡಿದ್ದನ್ನು ಕೆಲವು ಮಕ್ಕಳು ಸ್ವಲ್ಪ ಮಟ್ಟಿಗೆ ಹಿಡೀತಾರೆ, ಕೆಲವರು ಹಿಡಿಯಲ್ಲ. ಆದರೆ ಇನ್ನೂ ಕೆಳಗೆ ಜಾರದಂತೆ ತಡೆಯಬಹುದು. ತೂಕ ತಿಂಗಳಿಗೊಮ್ಮೆ, ಎತ್ತರ ಮೂರು ತಿಂಗಳಿಗೊಮ್ಮೆ ಅಳೆಸಿ, ಯಾವಾಗಲೂ ನಿಲ್ಲಿಸಿಯೇ. ಎರಡರಿಂದ ಮೂರು ವರ್ಷದೊಳಗೆ ತಳದ ಗೆರೆ ಕೂಡ ಸುಮಾರು 8 ಸೆಂ.ಮೀ. ಏರುತ್ತೆ. ಅಂದ್ರೆ ಮೂರು ತಿಂಗಳಿಗೆ ಎರಡು ಸೆಂ.ಮೀ. ಬಂದರೆ ಜಾರೋದು ನಿಂತಿದೆ, ಅದಕ್ಕಿಂತ ಜಾಸ್ತಿ ಬಂದರೆ ಮೇಲೆ ಬರ್ತಿದ್ದಾಳೆ. ಒಂದು ಸೆಂ.ಮೀ. ಕೂಡ ಬರದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ, ಊಟ ಬಿಟ್ಟು ಬೇರೆ ಕಾರಣ ಇದೆಯಾ ಅಂತ ಅವರು ನೋಡ್ತಾರೆ.

ಅಂಗನವಾಡಿ ಕಾರ್ಯಕರ್ತೆ:
ಮತ್ತೆ ಗುಳೆ ಹೋಗೋದಿದ್ದರೆ ತಾಯಿ ಕಾರ್ಡ್ ಜೊತೆಯಲ್ಲೇ ಇಟ್ಟುಕೊಳ್ಳಿ ಅಕ್ಕ. ಅಲ್ಲಿನ ಹತ್ತಿರದ ಅಂಗನವಾಡಿಗೆ ಹೋಗಿ ಮಗು ನಮ್ಮೂರಲ್ಲಿ ಟ್ರ್ಯಾಕರ್‌ನಲ್ಲಿದೆ ಅಂತ ಹೇಳಿ. ಹೊರಡೋ ಮುಂಚೆ ನಿಮ್ಮ ಟೀಚರಿಗೂ ತಿಳಿಸಿ, ಹೆಸರು ವರ್ಗಾವಣೆ ಮಾಡೋ ದಾರಿ ಇದೆ. ದೊಡ್ಡ ಮಗಳಿಗೆ ಎಷ್ಟು ವಯಸ್ಸು? ಐದರ ಒಳಗಿದ್ದರೆ ಅವಳನ್ನೂ ಕರೆದುಕೊಂಡು ಹೋಗಿ ಅಳೆಸಿ.

ಕುಷ್ಟಗಿ ಕಡೆಯ ತಾಯಿ:
ದೊಡ್ಡವಳಿಗೆ ಒಂಬತ್ತು. ನಡುವೆ ಒಬ್ಬ ಮಗ ಇದ್ದಾನೆ, ನಾಲ್ಕು ವರ್ಷ. ಅವನದ್ದು ಇತ್ತೀಚೆಗೆ ಅಳೆಸಿಲ್ಲ. ಸೋಮವಾರ ಇಬ್ಬರನ್ನೂ ಕರೆದುಕೊಂಡು ಹೋಗ್ತೀನಿ, ಅಳತೆ ಇಲ್ಲೇ ಹಾಕ್ತೀನಿ.