ಸಹಾಯ ಬೇಕು: ಹೆಸರಿಲ್ಲದ ಭಾವನೆಯನ್ನು ಕಥೆಯಲ್ಲಿ ತೋರಿಸೋದು ಹೇಗೆ?

ಒಂದು ಸಣ್ಣ ಕಥೆ ಬರೆಯುತ್ತಿದ್ದೇನೆ, ಮಧ್ಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಒಂಬತ್ತನೇ ತರಗತಿಯ ಇಬ್ಬರು ಹುಡುಗಿಯರು, ನಾಲ್ಕು ವರ್ಷದಿಂದ ಒಂದೇ ಬೆಂಚು. ಟೀಚರ್ ಜಾಗ ಬದಲಿಸುತ್ತಾರೆ. ಅಷ್ಟೇ ಘಟನೆ. ತಮಗೆ ಏನಾಗುತ್ತಿದೆ ಅಂತ ಇಬ್ಬರಿಗೂ ಗೊತ್ತಿಲ್ಲ, ಅದಕ್ಕೆ ಅವರ ಹತ್ತಿರ ಪದವೂ ಇಲ್ಲ.

ಮೊದಲು ‘ಅವಳ ಎದೆಯಲ್ಲಿ ಹೇಳಲಾಗದ ಏನೋ ತಳಮಳ’ ಅಂತ ಬರೆದಿದ್ದೆ. ಓದಿದರೆ ನನಗೇ ನಾಚಿಕೆ. ‘ಹೇಳಲಾಗದ’ ಅಂದ ಕೂಡಲೇ ಹೇಳಿಬಿಟ್ಟ ಹಾಗಾಯ್ತು, ಅಲ್ವಾ? ಆ ಮಾತು ಹುಡುಗಿಯದ್ದಲ್ಲ, ನನ್ನದು. ಈಗ ಹೀಗೆ ಬದಲಿಸಿದ್ದೇನೆ:

‘ಜಾಮಿಟ್ರಿ ಬಾಕ್ಸ್ ತೆರೆದಳು. ಗೆಳತಿಯ ಅರ್ಧ ರಬ್ಬರ್ ಇನ್ನೂ ಅಲ್ಲೇ ಇತ್ತು. ತಪ್ಪು ಬರೆದದ್ದನ್ನು ಅಳಿಸಲಿಲ್ಲ, ಪೆನ್ಸಿಲ್‌ನಿಂದ ಗೀಚಿ ಹಾಕಿದಳು.’

ಇದು ಪರವಾಗಿಲ್ಲ ಅನಿಸುತ್ತದೆ. ತೊಂದರೆ ಇರೋದು ಎರಡನೆಯವಳದ್ದು. ಕಥೆ ಪೂರ್ತಿ ಮೊದಲನೆಯವಳ ಕಣ್ಣಿನಿಂದಲೇ ನಡೆಯುತ್ತದೆ, ಹಾಗಾಗಿ ಇವಳ ಮನಸ್ಸಿನೊಳಗೆ ಹೋಗುವಂತಿಲ್ಲ. ಸುಮ್ನೆ ಒಂದೆರಡು ಸಲ ತಿರುಗಿ ನೋಡುವಂತೆ ಮಾಡಿದೆ, ಸಿನಿಮಾ ಥರ ಆಯ್ತು. ಆಮೇಲೆ ಜಗಳ ತಂದೆ. ‘ನನ್ನ ನೋಟ್ಸ್ ವಾಪಸ್ ಕೊಡು’ ಅಂತಾಳೆ, ಕೊಟ್ಟರೆ ತಗೊಳ್ಳಲ್ಲ. ಓದಿದವರೊಬ್ಬರು ‘ಇದು ಬರೀ ಕೋಪ’ ಅಂದರು.

ಓದುವವರಿಗೆ ಗೊತ್ತಾಗಬೇಕು, ಹುಡುಗಿಯರಿಗೆ ಗೊತ್ತಾಗಬಾರದು. ನೋಟ್ಸ್ ಜಗಳಕ್ಕೆ ಮುಂಚೆ ಏನು ಇಟ್ಟರೆ ಅದು ಬರೀ ಕೋಪ ಅಲ್ಲ ಅಂತ ತಿಳಿಯುತ್ತದೆ? ಇನ್ನೊಂದು: ‘ಪ್ರೀತಿ’ ಅನ್ನೋ ಪದ ಎಲ್ಲೂ ಬಳಸಿಲ್ಲ, ಆದರೆ ‘ಹೊಟ್ಟೆಕಿಚ್ಚು’ ಒಂದು ಸಲ ಬಂದಿದೆ. ಅದನ್ನೂ ತೆಗೆಯಲಾ?