ಹಬ್ಬದ ಬ್ಲೌಸ್ ಆರ್ಡರ್: ಲೈನಿಂಗ್, ರಜೆ, ರಾತ್ರಿ ಕೆಲಸ

ತಿಪಟೂರಿನಿಂದ: ಬ್ಲೌಸ್ ಹೊಲಿಯುವ ಅಂಗಡಿ ಇಟ್ಟು ಎರಡು ವರ್ಷ ಆಯಿತು. ಮೂರು ಮೆಷಿನ್, ಮೂವರು ಹುಡುಗಿಯರು. ವರಮಹಾಲಕ್ಷ್ಮಿ ಹಬ್ಬಕ್ಕೂ ಶ್ರಾವಣದ ಮದುವೆಗಳಿಗೂ ಒಟ್ಟಿಗೇ ಆರ್ಡರ್ ಬರುತ್ತೆ. ಹಬ್ಬಕ್ಕೆ ಅವರಿಗೂ ರಜೆ ಬೇಕು. ರಾತ್ರಿ ಎಷ್ಟು ಹೊತ್ತು ಕೆಲಸ ಮಾಡಿಸ್ತೀರಿ?

ಮೈಸೂರಿನಿಂದ: ನಾವು ಪ್ರತಿವರ್ಷ ಆಗಸ್ಟ್ 1ಕ್ಕೆ ಆರ್ಡರ್ ನಿಲ್ಲಿಸಿ, ರಾತ್ರಿ 12ರವರೆಗೆ ಹೊಲಿಯುತ್ತೇವೆ.

ಹಾಸನದಿಂದ: ಆರ್ಡರ್ ನಿಲ್ಲಿಸೋದು ಸರಿ ಅಣ್ಣ, ತಾರೀಖು ಮಾತ್ರ ಹಾಗೆ ಹಿಡಿಯಬೇಡಿ. 2023ರಲ್ಲಿ ಅಧಿಕ ಶ್ರಾವಣ ಬಂದು ಹಬ್ಬ ಆಗಸ್ಟ್ 25ಕ್ಕೆ ಹೋಯಿತು, 2025ರಲ್ಲಿ ಆಗಸ್ಟ್ 8ಕ್ಕೇ ಬಂತು. ಪಂಚಾಂಗ ನೋಡಿ ಹಿಂದಕ್ಕೆ ಎಣಿಸಬೇಕು.

ತಿಪಟೂರಿನ ತಂಗಿ, ನನ್ನ ಲೆಕ್ಕ ಹೇಳ್ತೀನಿ. ನಮ್ಮಲ್ಲಿ ಒಂದು ಮೆಷಿನ್‌ನಲ್ಲಿ ದಿನಕ್ಕೆ ಐದು ಲೈನಿಂಗ್ ಬ್ಲೌಸ್ ಆಗುತ್ತೆ. ಮೂರಕ್ಕೆ 15. ಅದಕ್ಕೇ ಆರ್ಡರ್ ಪುಸ್ತಕದಲ್ಲಿ ಒಂದು ಪುಟಕ್ಕೆ ಒಂದೇ ಡೆಲಿವರಿ ದಿನ, 12 ಸಾಲು. ಉಳಿದ ಮೂರು ಆಲ್ಟ್ರೇಷನ್‌ಗೆ. ಸಾಲು ತುಂಬಿದರೆ ಪುಟ ತಿರುಗಿಸಿ ಮುಂದಿನ ದಿನ ಕೊಡ್ತೀನಿ. ಹಬ್ಬದ ಶುಕ್ರವಾರಕ್ಕೆ ಕೊನೆಯ ಪುಟ ಬುಧವಾರ. ಗುರುವಾರ ಹುಡುಗಿಯರು ಊರಿಗೆ ಹೊರಡ್ತಾರೆ, ಶನಿವಾರ ಬರ್ತಾರೆ.

ಉದ್ದ ರಜೆ ಆಷಾಢದಲ್ಲೇ ಕೊಡಿ. ಆಗ ಮದುವೆ ಇರಲ್ಲ, ಅಂಗಡಿ ಖಾಲಿ. ಆ ತಿಂಗಳಲ್ಲೇ ಲೈನಿಂಗ್ ಕೆಲಸವನ್ನೂ ಮುಗಿಸಿಬಿಡಿ. ಕೆಂಪು, ಮರೂನ್, ಹಸಿರು, ಅರಿಶಿನ ಬಣ್ಣ ಥಾನ್‌ಗಟ್ಟಲೆ ತರ್ತೀನಿ, ಅಪರೂಪದ ಬಣ್ಣಗಳನ್ನು ಆರ್ಡರ್ ಬಂದಮೇಲೆ ತರ್ತೀನಿ. ಕಾಟನ್ ಲೈನಿಂಗ್ ರಾತ್ರಿ ನೀರಿಗೆ ಹಾಕಿ, ಒಣಗಿಸಿ, ಇಸ್ತ್ರಿ ಮಾಡಿಡಬೇಕು. ಒಂದು ವರ್ಷ ಅವಸರದಲ್ಲಿ ನೆನೆಸದೇ ಕತ್ತರಿಸಿದೆ. ಮೊದಲ ಒಗೆತಕ್ಕೇ ಒಳಬಟ್ಟೆ ಕುಗ್ಗಿ, ಮೇಲಿನ ರೇಷ್ಮೆ ಕಂಕುಳ ಹತ್ತಿರ ಸುಕ್ಕಾಗಿ ನಿಂತಿತು. ಒಂಬತ್ತು ಬ್ಲೌಸ್ ವಾಪಸ್ ಬಂದವು.

ಬೆಳಗಾವಿಯಿಂದ: ನಮ್ಮದು ಸೀರೆ ಅಂಗಡಿ. ಸಾಲದ ಮೇಲೆ ಸ್ಟಾಕ್ ತುಂಬಬೇಡಿ ಅಂತೀನಿ. ಹೋದ ದೀಪಾವಳಿಯ ಮಾಲು ಇನ್ನೂ ಕಪಾಟಿನಲ್ಲಿದೆ.

ತಿಪಟೂರಿನಿಂದ: ಸೀರೆ ಮಾರಲ್ಲ ಸರ್, ಬರೀ ಹೊಲಿಗೆ. ಅಕ್ಕ, ರಾತ್ರಿ ಕೆಲಸದ ಬಗ್ಗೆ ಹೇಳಲಿಲ್ಲ ಅಲ್ವಾ?

ಹಾಸನದಿಂದ: ಎಂಟೂವರೆಗೆ ಮೆಷಿನ್ ನಿಲ್ಲಿಸ್ತೀನಿ. ಆಮೇಲೆ ಟ್ಯೂಬ್‌ಲೈಟಿನಲ್ಲಿ ನೀಲಿ, ನೇರಳೆ ನೂಲು ಒಂದೇ ಥರ ಕಾಣುತ್ತೆ. ಎಡ ತೋಳು ಬಲಕ್ಕೆ ಕೂರುತ್ತೆ. ಬಿಚ್ಚಿ ಮತ್ತೆ ಹೊಲಿಯೋಕೆ ಹೊಸದಕ್ಕಿಂತ ಜಾಸ್ತಿ ಹೊತ್ತು ಬೇಕು. ಬೆಳಿಗ್ಗೆ ಎಂಟಕ್ಕೇ ತೆರೆಯಿರಿ. ಹುಕ್ಕು, ಹೆಮ್ಮಿಂಗ್ ಮಾತ್ರ ಪಕ್ಕದ ಮನೆಯವರಿಗೆ ಪೀಸ್ ಲೆಕ್ಕದಲ್ಲಿ ಕೊಡಿ. ನಮ್ಮಲ್ಲಿ ಡೆಲಿವರಿ ತಪ್ಪುತ್ತಿದ್ದದ್ದೇ ಅಲ್ಲಿ.

ಮೈಸೂರಿನಿಂದ: ನಮ್ಮ ಹುಡುಗರೇ ರಾತ್ರಿ ಕೆಲಸ ಕೇಳ್ತಾರೆ. ಪೀಸ್‌ಗೆ ಹೆಚ್ಚು ಸಿಗುತ್ತೆ ಅಂತ. ಬೇಡ ಅಂದರೆ ಬೇರೆ ಅಂಗಡಿಗೆ ಹೋಗ್ತಾರೆ.

ಹಾಸನದಿಂದ: ಆ ಕಷ್ಟ ನನಗೂ ಇದೆ. ಹಬ್ಬದ ಎರಡು ವಾರ ಹಗಲಿನ ಪೀಸ್‌ಗೇ ಹೆಚ್ಚು ಕೊಟ್ಟು ನೋಡಿದೆ. ಇಬ್ಬರು ಉಳಿದರು, ಒಬ್ಬಳು ಹೋದಳು.

ತಿಪಟೂರಿನಿಂದ: ಒಂದು ಪುಟಕ್ಕೆ 12 ಸಾಲು ಇವತ್ತೇ ಗೆರೆ ಹಾಕಿದೆ ಅಕ್ಕ. ಹುಡುಗಿಯರನ್ನ ಕೇಳಿದೆ. ಇಬ್ಬರು ಆಷಾಢದ ರಜೆಗೆ ಒಪ್ಪಿದ್ದಾರೆ. ಮೂರನೆಯವಳ ತಂಗಿಯ ಮದುವೆ ಶ್ರಾವಣದಲ್ಲೇ ಇದೆ. ಆ ವಾರಕ್ಕೆ ಎಂಟೇ ಸಾಲು ಬಿಟ್ಟಿದ್ದೀನಿ.